ತೋಟದ ಪಂಪ್ ಸ್ಟಾರ್ಟರ್‌ಗೆ ಹಳೇ ಫರ್ಮ್‌ವೇರ್ ಮತ್ತೆ ಹಾಕದಂತೆ ತಡೆಯುವುದು ಹೇಗೆ?

ಪಂಪ್‌ಮನೆ

ನಮಸ್ಕಾರ ಎಲ್ಲರಿಗೂ. ನಮ್ಮದು ಐದು ಜನರ ಸಣ್ಣ ಕಂಪನಿ. ಬೋರ್‌ವೆಲ್ ಮೋಟರನ್ನು ಮೊಬೈಲಿನಿಂದ ಆನ್ ಆಫ್ ಮಾಡುವ ಸ್ಟಾರ್ಟರ್ ಬಾಕ್ಸ್ ಮಾಡುತ್ತೇವೆ. ಒಳಗಿರುವುದು ಇಎಸ್‌ಪಿ32 ಚಿಪ್. ಇದುವರೆಗೆ ಹತ್ತಿರ ಹತ್ತಿರ 400 ಬಾಕ್ಸ್ ಮಾರಿದ್ದೇವೆ, ಜಾಸ್ತಿ ತುಮಕೂರು, ಚಿತ್ರದುರ್ಗದ ಕಡೆ.

ನಮ್ಮ 1.2 ಫರ್ಮ್‌ವೇರ್‌ನಲ್ಲಿ ಒಂದು ದೊಡ್ಡ ತೂತು ಇತ್ತು. ಸೆಟ್ಟಿಂಗ್ ಪೇಜು ಪಾಸ್‌ವರ್ಡ್ ಕೇಳುತ್ತಿತ್ತು, ಸರಿ. ಆದರೆ ಮೋಟರ್ ಆನ್ ಮಾಡುವ ವಿಳಾಸವನ್ನು ಬ್ರೌಸರಿನಲ್ಲಿ ನೇರವಾಗಿ ಹೊಡೆದರೆ ಪಾಸ್‌ವರ್ಡ್ ಇಲ್ಲದೆಯೇ ಮೋಟರ್ ಓಡುತ್ತಿತ್ತು. ಬಾಕ್ಸಿನ ವೈಫೈ ಸಿಗುವಷ್ಟು ಹತ್ತಿರ ಇದ್ದವರು ಯಾರು ಬೇಕಾದರೂ ಮಾಡಬಹುದಿತ್ತು. ಯಾರೋ ಪಂಪ್ ಮೇಲೆತ್ತುತ್ತಿರುವಾಗ ಹೀಗಾದರೆ ಏನು ಗತಿ ಅಂತ ಹೆದರಿ, 1.3ರಲ್ಲಿ ಸರಿ ಮಾಡಿ ಎಲ್ಲ ಬಾಕ್ಸ್‌ಗಳಿಗೂ ಒಟಿಎ ಮೂಲಕ, ಅಂದರೆ ಕೇಬಲ್ ಇಲ್ಲದೆ ನೆಟ್ ಮೇಲೇ, ಕಳಿಸಿದೆವು.

1.3ರಲ್ಲಿ ಬೇರೆ ತೊಂದರೆ ಹುಟ್ಟಿತು. ಕರೆಂಟ್ ಹೋಗಿ ಬಂದ ಮೇಲೆ ಕೆಲವು ಕಡೆ ವೈಫೈ ಮತ್ತೆ ಹಿಡಿಯುತ್ತಿರಲಿಲ್ಲ. ರೈತರ ಫೋನ್ ಮೇಲೆ ಫೋನ್. ನಮ್ಮ ಸರ್ವಿಸ್ ಹುಡುಗ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ಕೇಬಲ್ ಹಾಕಿ, 11 ಬಾಕ್ಸ್‌ಗಳಿಗೆ ಸದ್ದಿಲ್ಲದೆ 1.2 ಹಾಕಿ ಬಂದಿದ್ದಾನೆ. ಅವನ ಪ್ರಕಾರ ಸಮಸ್ಯೆ ಬಗೆಹರಿಯಿತು! ನಮಗೆ ಗೊತ್ತಾಗಿದ್ದು ಮೂರು ವಾರ ಆದ ಮೇಲೆ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಚಿಪ್ಪೇ ಹಳೇದನ್ನು ಬೇಡ ಅನ್ನುವಂತೆ ಮಾಡಬಹುದು ಅಂತ ಕೇಳಿದ್ದೇನೆ. ಯಾರಾದರೂ ಮಾಡಿದ್ದೀರಾ?

ಕೋಡ್‌ಕಾಫಿ

ಸುಲಭ ಸರ್. ಫರ್ಮ್‌ವೇರ್ ಒಳಗೇ ಒಂದು ಚೆಕ್ ಹಾಕಿ. ಈಗಿರುವ ವರ್ಷನ್ ನಂಬರನ್ನು ಎನ್‌ವಿಎಸ್‌ನಲ್ಲಿ ಬರೆದಿಡಿ. ಹೊಸ ಫೈಲ್ ಬಂದಾಗ ಅದರ ನಂಬರ್ ಚಿಕ್ಕದಿದ್ದರೆ ತಗೋಬೇಡ ಅಂತ ಒಂದು ಇಫ್ ಹಾಕಿದರೆ ಮುಗಿಯಿತು. ನಾನು ನನ್ನ ಮನೆಯ ಲೈಟ್ ಕಂಟ್ರೋಲರಿಗೆ ಹೀಗೇ ಮಾಡಿದ್ದೇನೆ. ಎರಡು ವರ್ಷದಿಂದ ಓಡ್ತಿದೆ.

ಗಡಿನಾಡು

ನನಗೆ ಪ್ರಶ್ನೆ ಅರ್ಥ ಆಗಲಿಲ್ಲ. ರೋಲ್‌ಬ್ಯಾಕ್ ಇರುವುದು ಒಳ್ಳೇದಲ್ವಾ? ಹೊಸದು ಸರಿಯಾಗಿ ಬೂಟ್ ಆಗಲಿಲ್ಲ ಅಂದರೆ ತಾನೇ ಹಳೇದಕ್ಕೆ ವಾಪಸ್ ಹೋಗಬೇಕು. ಅದಕ್ಕೇ ಇಎಸ್‌ಪಿಯಲ್ಲಿ `CONFIG_BOOTLOADER_APP_ROLLBACK_ENABLE` ಅಂತ ಇದೆ. ಅದನ್ನು ಆನ್ ಮಾಡಿಕೊಳ್ಳಿ. ನೀವು ಅದನ್ನೇ ತಡೆಯಬೇಕು ಅಂತಿದ್ದೀರಲ್ಲ?

ಬೆಸುಗೆ

ಇಬ್ಬರಿಗೂ ಒಟ್ಟಿಗೆ ಹೇಳುತ್ತೇನೆ.

ಗಡಿನಾಡು ಅವರೇ, ಹೆಸರು ಒಂದೇ ಥರ ಇದೆ, ಕೆಲಸ ಬೇರೆ. ನೀವು ಹೇಳುತ್ತಿರುವುದು ಹೊಸದು ಕೆಟ್ಟರೆ ಹಿಂದಕ್ಕೆ ಬರುವ ದಾರಿ. ಪಂಪ್‌ಮನೆ ಅವರು ಕೇಳುತ್ತಿರುವುದು, ಹೊಸದು ಚೆನ್ನಾಗಿದೆ ಅಂತ ಒಮ್ಮೆ ಒಪ್ಪಿಕೊಂಡ ಮೇಲೆ ಆ ದಾರಿಯನ್ನು ಮುಚ್ಚುವುದು. ಒಂದು ಮೊದಲು, ಇನ್ನೊಂದು ಆಮೇಲೆ. ಎರಡೂ ಒಟ್ಟಿಗೇ ಕೆಲಸ ಮಾಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಕೋಡ್‌ಕಾಫಿ, ನಿಮ್ಮ ಇಫ್ ಅರ್ಧ ಸರಿ. ಹಳೇ ಫೈಲ್ ಒಟಿಎಯಲ್ಲಿ ಬಂದರೆ ಅದು ತಡೆಯುತ್ತದೆ. ಆದರೆ ಆ ಇಫ್ ಇರುವುದು ಎಲ್ಲಿ? ಹೊಸ ಫರ್ಮ್‌ವೇರ್ ಒಳಗೆ. ಸರ್ವಿಸ್ ಹುಡುಗ ಕೇಬಲ್ ಹಾಕಿ ಬರೆಯುವಾಗ ನಿಮ್ಮ ಫರ್ಮ್‌ವೇರ್ ಓಡುತ್ತಲೇ ಇರುವುದಿಲ್ಲ. ಚಿಪ್ಪು ಡೌನ್‌ಲೋಡ್ ಮೋಡ್‌ನಲ್ಲಿ ಇರುತ್ತದೆ. ಇನ್ನು ನಂಬರ್ ಬರೆದಿಟ್ಟ ಎನ್‌ವಿಎಸ್ ಇರುವುದು ಅದೇ ಫ್ಲ್ಯಾಷ್ ಮೆಮೊರಿಯಲ್ಲಿ.

```
esptool.py --port /dev/ttyUSB0 erase_flash
```

ಈ ಒಂದು ಸಾಲು ಹೊಡೆದರೆ ನಿಮ್ಮ ನಂಬರೂ ಹೋಯಿತು, ಇಫ್ಫೂ ಹೋಯಿತು. ಮನೆಗೆ ಯಾರು ಬಂದಿದ್ದರು ಅಂತ ಬರೆದಿಟ್ಟ ಪುಸ್ತಕವನ್ನು ಬಂದವನ ಕೈಗೇ ಕೊಟ್ಟ ಹಾಗೆ.

ಹಾಗಾಗಿ ಎರಡು ಬೇಕು. ನಂಬರನ್ನು ಅಳಿಸಲಾಗದ ಜಾಗದಲ್ಲಿ ಇಡಬೇಕು. ಅದನ್ನು ಓದಿ ನೋಡುವವನು ಫರ್ಮ್‌ವೇರ್‌ಗಿಂತ ಮೊದಲೇ ಏಳಬೇಕು. ಇಎಸ್‌ಪಿ32ರಲ್ಲಿ ಆ ಜಾಗ ಇ-ಫ್ಯೂಸ್, ಆ ಕಾವಲುಗಾರ ಬೂಟ್‌ಲೋಡರ್.

ಇ-ಫ್ಯೂಸ್ ಬಿಟ್ ಸೊನ್ನೆಯಿಂದ ಒಂದಾಗುತ್ತದೆ, ಮತ್ತೆ ಸೊನ್ನೆ ಆಗುವುದಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಬೆರಳಿಗೆ ಹಾಕುವ ಶಾಯಿಯಾದರೂ ಒಂದು ತಿಂಗಳಿಗೆ ಹೋಗುತ್ತದೆ, ಇದು ಹೋಗುವುದಿಲ್ಲ. ಬೂಟ್‌ಲೋಡರ್ ಎಷ್ಟು ಬಿಟ್ ಸುಟ್ಟಿವೆ ಅಂತ ಎಣಿಸುತ್ತದೆ. ಮೂರು ಸುಟ್ಟಿದ್ದರೆ ಚಿಪ್ಪಿನ ಭದ್ರತಾ ನಂಬರ್ 3. ಫರ್ಮ್‌ವೇರ್ ಫೈಲಿನ ಒಳಗೂ `secure_version` ಅಂತ ಒಂದು ನಂಬರ್ ಇರುತ್ತದೆ. ಅದು 3 ಅಥವಾ ಹೆಚ್ಚು ಇದ್ದರೆ ಓಡಿಸುತ್ತದೆ. 2 ಇದ್ದರೆ ಇಲ್ಲ.

ಹುಬ್ಬಳ್ಳಿ ಮೊಬೈಲ್

ಅಯ್ಯೋ ಇದು ನಮಗೆ ದಿನಾ ಬೀಳೋ ಏಟು ಸರ್. ನನ್ನದು ಮೊಬೈಲ್ ರಿಪೇರಿ ಅಂಗಡಿ. ಹೋದ ದೀಪಾವಳಿ ಹೊತ್ತಿಗೆ ಒಬ್ಬರು ಫೋನ್ ತಂದರು, ಅಪ್‌ಡೇಟ್ ಆದ ಮೇಲೆ ಚಾರ್ಜ್ ನಿಲ್ಲಲ್ಲ, ಹಳೇದು ಹಾಕಿ ಕೊಡಿ ಅಂದರು. ಹಾಕೋಕೆ ಹೋದರೆ ಸ್ಕ್ರೀನ್ ಮೇಲೆ ಸಣ್ಣ ಕೆಂಪು ಅಕ್ಷರ.

```
SW REV. CHECK FAIL. DEVICE: 5, BINARY: 4
```

ಫೋನ್ 5ಕ್ಕೆ ಹೋಗಿದೆ, ನನ್ನ ಹತ್ತಿರ ಇದ್ದ ಫೈಲ್ 4ರದು. ಆ ಫೋನ್‌ಗಳ ಫೈಲ್ ಹೆಸರಲ್ಲಿ ಕೊನೆಯಿಂದ ಐದನೇ ಅಕ್ಷರ ನೋಡಿದರೆ ನಂಬರ್ ಗೊತ್ತಾಗುತ್ತೆ. ನಾನು ನೋಡಿರಲಿಲ್ಲ. ಪುಣ್ಯಕ್ಕೆ ಫೋನ್ ಸಾಯಲಿಲ್ಲ, 5ರದೇ ಫೈಲ್ ಹಾಕಿ ಎಬ್ಬಿಸಿದೆ. ಗಿರಾಕಿಗೆ ಮಾತ್ರ ನಂಬಿಕೆ ಬರಲಿಲ್ಲ. ಫೈಲ್ ಕಂಪನಿಯದೇ, ಸಹಿ ಕಂಪನಿಯದೇ, ಆದರೂ ಕಂಪನಿಯ ಫೋನೇ ಯಾಕೆ ಬೇಡ ಅನ್ನುತ್ತೆ ಅಂತ ಅರ್ಧ ಗಂಟೆ ಜಗಳ. ನನಗೂ ಸರಿಯಾಗಿ ಹೇಳೋಕೆ ಬರಲಿಲ್ಲ.

ಕೋಡ್‌ಕಾಫಿ

ಬೂಟ್‌ಲೋಡರ್ ಅನ್‌ಲಾಕ್ ಮಾಡಿದ್ದರೆ ಏನು ಬೇಕಾದರೂ ಹಾಕಬಹುದಿತ್ತು.

ಶರಾವತಿ

ಕೋಡ್‌ಕಾಫಿ, ಎಲ್ಲ ಫೋನಿಗೂ ಅದು ನಿಜ ಅಲ್ಲ. 2022ರ ಆಗಸ್ಟ್‌ನಲ್ಲಿ ಪಿಕ್ಸೆಲ್ 6, 6 ಪ್ರೋ, 6ಎ ಫೋನುಗಳಿಗೆ ಆಂಡ್ರಾಯ್ಡ್ 13 ಬಂತು. ಅದರ ಜೊತೆ ಬಂದ ಬೂಟ್‌ಲೋಡರ್ ಈ ನಂಬರನ್ನು ಏರಿಸಿತು. ಹಳೇ ಬೂಟ್‌ಲೋಡರಿನಲ್ಲಿ ಭದ್ರತೆಯ ತೂತು ಇದೆ, ಆದ್ದರಿಂದ 12ಕ್ಕೆ ವಾಪಸ್ ಹೋಗೋಕೆ ಆಗಲ್ಲ ಅಂತ ಗೂಗಲ್ ಮೊದಲೇ ಹೇಳಿತ್ತು. ಅನ್‌ಲಾಕ್ ಮಾಡಿದವರಿಗೂ ಅದೇ ಗತಿ. ಬೂಟ್‌ಲೋಡರಿಗಿಂತ ಕೆಳಗಿನ ಹಂತದಲ್ಲಿ ಆ ಚೆಕ್ ನಡೆಯುತ್ತದೆ. ಅನ್‌ಲಾಕ್ ಅನ್ನುವುದು ಅದಕ್ಕೆ ಕಾಣುವುದೇ ಇಲ್ಲ.

ಇನ್ನೊಂದು ತಮಾಷೆ ಇತ್ತು, ಆಗ ಅನುಭವಿಸಿದವರಿಗೆ ತಮಾಷೆ ಅಲ್ಲ ಬಿಡಿ. ಆ ಫೋನಿನಲ್ಲಿ ಎ, ಬಿ ಅಂತ ಎರಡು ಸ್ಲಾಟ್. ಒಂದರಲ್ಲಿ ಹೊಸ ಬೂಟ್‌ಲೋಡರ್, ಇನ್ನೊಂದರಲ್ಲಿ ಹಳೇದೇ ಕೂತಿತ್ತು. ಕಸ್ಟಮ್ ROM ಹಾಕಿ ಆಡುವವರ ಫೋನ್ ಏನೋ ಎಡವಟ್ಟಾಗಿ ಇನ್ನೊಂದು ಸ್ಲಾಟಿಗೆ ಹೊರಳಿದರೆ ಅಲ್ಲಿ ಸಿಗುವುದು ನಿಷೇಧ ಆದ ಬೂಟ್‌ಲೋಡರ್. ಫೋನ್ ಕಲ್ಲು. ಎರಡೂ ಸ್ಲಾಟಿಗೆ ಹೊಸ ಬೂಟ್‌ಲೋಡರ್ ಹಾಕಿಕೊಳ್ಳಿ ಅಂತ ಗೂಗಲ್ ಆಮೇಲೆ ಬರೆಯಬೇಕಾಯಿತು.

ಹುಬ್ಬಳ್ಳಿಯವರೇ, ನಿಮ್ಮ ಗಿರಾಕಿ ಕೇಳಿದ್ದು ಸರಿಯಾದ ಪ್ರಶ್ನೆ. ಸಹಿ ಹೇಳುವುದು ಇದನ್ನು ಮಾಡಿದವರು ನಾವೇ ಅಂತ ಮಾತ್ರ. ಇದರಲ್ಲಿ ತೂತಿಲ್ಲ ಅಂತ ಅದು ಹೇಳುವುದಿಲ್ಲ. 2021ರಲ್ಲಿ ಹಾಕಿದ ಸಹಿ 2025ರಲ್ಲೂ ಅಷ್ಟೇ ಸರಿಯಾಗಿ ತಾಳೆ ಆಗುತ್ತದೆ. ಸಹಿಗೆ ವಯಸ್ಸಾಗಲ್ಲ. ಕಳ್ಳನಿಗೆ ಅಷ್ಟೇ ಸಾಕು, ತಾನು ಏನನ್ನೂ ಬರೆಯಬೇಕಿಲ್ಲ. ಕಂಪನಿಯೇ ಸಹಿ ಮಾಡಿದ ಹಳೇ ತೂತಿನ ಫೈಲ್ ತಂದು ಹಾಕಿದರೆ ಆಯಿತು.

ಕಂಪ್ಯೂಟರಿನಲ್ಲಿ ಇದೇ ನಡೆದಿದೆ. ವಿಂಡೋಸ್ ಬೂಟ್ ಮ್ಯಾನೇಜರಿನ ಒಂದು ತೂತನ್ನು, CVE-2022-21894, ಮೈಕ್ರೋಸಾಫ್ಟ್ 2022ರ ಜನವರಿಯಲ್ಲಿ ಮುಚ್ಚಿತು. 2023ರ ಮಾರ್ಚ್‌ನಲ್ಲಿ ಇಸೆಟ್ ಅನ್ನುವ ಭದ್ರತಾ ಕಂಪನಿಯವರು ಬ್ಲ್ಯಾಕ್‌ಲೋಟಸ್ ಅನ್ನುವ ಮಾಲ್‌ವೇರ್ ಬಗ್ಗೆ ಬರೆದರು. ಪೂರ್ತಿ ಅಪ್‌ಡೇಟ್ ಆದ ವಿಂಡೋಸ್ 11ರಲ್ಲೂ ಅದು ಸೆಕ್ಯೂರ್ ಬೂಟ್ ದಾಟುತ್ತಿತ್ತು. ಹೇಗೆ? ಹಳೇ ಬೂಟ್ ಮ್ಯಾನೇಜರನ್ನು ತಾನೇ ಜೊತೆಗೆ ಹೊತ್ತು ತರುತ್ತಿತ್ತು. ಅದರ ಸಹಿ ಸರಿ ಇತ್ತು, ಯಾರೂ ಅದನ್ನು ರದ್ದು ಮಾಡಿರಲಿಲ್ಲ.

ಹುಬ್ಬಳ್ಳಿ ಮೊಬೈಲ್

ಸಹಿಗೆ ವಯಸ್ಸಾಗಲ್ಲ. ಇದನ್ನು ಅಂಗಡಿಯಲ್ಲಿ ಬರೆದು ಅಂಟಿಸ್ತೀನಿ ಮೇಡಂ.

ಪಂಪ್‌ಮನೆ

ಬೆಸುಗೆ ಅವರೇ, ನೀವು ಹೇಳಿದ ಮೇಲೆ ಇವತ್ತು ಬೆಂಚ್ ಮೇಲೆ ಒಂದು ಬೋರ್ಡ್ ಇಟ್ಟುಕೊಂಡು ಆಡಿದೆ. ಹೀಗೆ ಹಾಕಿದೆ:

```
CONFIG_BOOTLOADER_APP_ROLLBACK_ENABLE=y
CONFIG_BOOTLOADER_APP_ANTI_ROLLBACK=y
CONFIG_BOOTLOADER_APP_SECURE_VERSION=1
```

1.3 ಓಡಿತು. ಆಮೇಲೆ 1.2ರ ಆ್ಯಪ್ ಫೈಲನ್ನು ಕೇಬಲಿನಿಂದ ಎರಡೂ ಸ್ಲಾಟಿಗೆ ಬರೆದೆ. ಸೀರಿಯಲ್ ಲಾಗ್‌ನಲ್ಲಿ ಇದು ಬಂತು, ಬೋರ್ಡ್ ರೀಬೂಟ್ ಆಗುತ್ತಲೇ ಇತ್ತು:

```
Enabled a check secure version of app for anti rollback
Secure version (from eFuse) = 1
No bootable app partitions in the partition table
```

ಖುಷಿಯಾಗಿ ಸರ್ವಿಸ್ ಹುಡುಗನನ್ನು ಕರೆದು, ಈಗ 1.2 ಹಾಕು ನೋಡೋಣ ಅಂದೆ. ಅವನು ತನ್ನ ಲ್ಯಾಪ್‌ಟಾಪ್ ತಂದ, ತನ್ನದೇ ಫೈಲ್ ಹಾಕಿದ, ಒಂದು ನಿಮಿಷದಲ್ಲಿ 1.2 ಆರಾಮಾಗಿ ಓಡುತ್ತಿದೆ! ಇ-ಫ್ಯೂಸ್ ನೋಡಿದರೆ ಬಿಟ್ ಸುಟ್ಟೇ ಇದೆ. ಏನಿದು?

ಬೆಸುಗೆ

ನಿಮ್ಮ ಹುಡುಗನಿಗೆ ಒಂದು ಟೀ ಕೊಡಿಸಿ. ಅವನ ಫೈಲ್ ಎಷ್ಟು ದೊಡ್ಡದು, ಯಾವ ವಿಳಾಸಕ್ಕೆ ಬರೆಯುತ್ತಾನೆ ನೋಡಿ. ನನ್ನ ಅನುಮಾನ, ಅದು ಬರೀ ಆ್ಯಪ್ ಅಲ್ಲ. ಬೂಟ್‌ಲೋಡರ್, ಪಾರ್ಟಿಶನ್ ಟೇಬಲ್, ಆ್ಯಪ್ ಮೂರನ್ನೂ ಸೇರಿಸಿ ಮಾಡಿದ ಒಂದೇ ಫೈಲ್ ಇರಬೇಕು.

ಪಂಪ್‌ಮನೆ

ಹೌದು! ಫ್ಯಾಕ್ಟರಿಯಲ್ಲಿ ಮೊದಲ ಸಲ ಹಾಕುವ ಫುಲ್ ಇಮೇಜ್ ಅದು. ವಿಳಾಸ 0x1000.

ಬೆಸುಗೆ

ಅಷ್ಟೇ. 0x1000ದಲ್ಲಿ ಕೂರುವುದು ಬೂಟ್‌ಲೋಡರ್. ನೀವು ಕಾವಲುಗಾರನನ್ನು ನಿಲ್ಲಿಸಿದಿರಿ, ಅವನು ಕಾವಲುಗಾರನನ್ನೇ ಬದಲಾಯಿಸಿದ. ಹಳೇ ಬೂಟ್‌ಲೋಡರಿಗೆ ಇ-ಫ್ಯೂಸ್ ಎಣಿಸುವುದು ಗೊತ್ತಿಲ್ಲ. ಬಿಟ್ ಸುಟ್ಟಿದೆ, ಓದುವವರು ಇಲ್ಲ.

ಇದಕ್ಕೇ ರೋಲ್‌ಬ್ಯಾಕ್ ತಡೆ ಒಂಟಿಯಾಗಿ ನಿಲ್ಲುವುದಿಲ್ಲ. ಕೆಳಗೆ ಸೆಕ್ಯೂರ್ ಬೂಟ್ ಬೇಕು. ಆಗ ಚಿಪ್ಪಿನ ಒಳಗಿನ ROM ಕೋಡ್, ಅದನ್ನು ಯಾರೂ ಬದಲಾಯಿಸಲಾರರು, ಬೂಟ್‌ಲೋಡರಿನ ಸಹಿ ನೋಡುತ್ತದೆ. ಬೂಟ್‌ಲೋಡರ್ ಆ್ಯಪ್‌ನ ಸಹಿಯನ್ನೂ ನಂಬರನ್ನೂ ನೋಡುತ್ತದೆ. ಹುಡುಗನ ಹಳೇ ಬೂಟ್‌ಲೋಡರಿಗೆ ಸಹಿಯೇ ಇಲ್ಲವಾದ್ದರಿಂದ ಅಲ್ಲೇ ನಿಲ್ಲುತ್ತದೆ.

ಸಹಿಗೆ ಇನ್ನೊಂದು ಕೆಲಸ ಇದೆ. `secure_version` ಅನ್ನುವುದು ಆ್ಯಪ್ ಫೈಲಿನೊಳಗಿನ ಒಂದು ನಂಬರ್ ಅಷ್ಟೇ. ಸಹಿ ಇಲ್ಲದಿದ್ದರೆ 1.2ರ ಫೈಲ್ ತೆರೆದು 0 ಅಳಿಸಿ 1 ಬರೆದು, ಚೆಕ್‌ಸಮ್ ಮತ್ತೆ ಲೆಕ್ಕ ಹಾಕಿದರೆ ಮುಗಿಯಿತು. ನಂಬರ್ ಸಹಿಯ ಒಳಗೆ ಇದ್ದರೆ ಮುಟ್ಟಿದ ಕೂಡಲೇ ಸಹಿ ಮುರಿಯುತ್ತದೆ.

ಈಗ ನಾನೇ ಒಮ್ಮೆ ಬಿದ್ದ ಗುಂಡಿ ಹೇಳುತ್ತೇನೆ. ಬೂಟ್‌ಲೋಡರಿನ ಸಹಿಯನ್ನು ROM ಕೋಡ್ ನೋಡುತ್ತದೆ, ಆದರೆ ನಿಮ್ಮ ಇಎಸ್‌ಪಿ32ರಲ್ಲಿ ಬೂಟ್‌ಲೋಡರಿನ *ನಂಬರ್* ಯಾರೂ ನೋಡುವುದಿಲ್ಲ. ನಾವು ಒಂದು ಪ್ರಾಡಕ್ಟಿಗೆ ಮೊದಲು ಸೆಕ್ಯೂರ್ ಬೂಟ್ ಹಾಕಿ, ಸಹಿ ಮಾಡಿ, ಮಾರಿದೆವು. ಆರು ತಿಂಗಳು ಬಿಟ್ಟು ರೋಲ್‌ಬ್ಯಾಕ್ ತಡೆ ಆನ್ ಮಾಡಿದೆವು. ಮೊದಲಿನ ಬೂಟ್‌ಲೋಡರಿಗೂ ನಮ್ಮದೇ ಸಹಿ! ಅದನ್ನು ತಂದು ಹಾಕಿದರೆ ಚಿಪ್ಪು ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡಿತು. ಎಸ್2, ಸಿ3, ಎಸ್3 ಚಿಪ್ಪುಗಳಲ್ಲಿ ಮೂರು ಕೀಗಳಿಗೆ ಜಾಗ ಇದೆ, ಹಳೇ ಕೀ ರದ್ದು ಮಾಡಬಹುದು. ನಿಮ್ಮ ಹಳೇ ಇಎಸ್‌ಪಿ32ರಲ್ಲಿ ಒಂದೇ ಕೀ. ಹಾಗಾಗಿ ಎರಡನ್ನೂ ಒಂದೇ ದಿನ ಆನ್ ಮಾಡಿ. ತಡೆ ಇಲ್ಲದ ಬೂಟ್‌ಲೋಡರಿಗೆ ಆ ಕೀಯಿಂದ ಯಾವತ್ತೂ ಸಹಿ ಹಾಕಬೇಡಿ. ಟೆಸ್ಟ್‌ಗೂ ಹಾಕಬೇಡಿ.

ಶರಾವತಿ

ಬ್ಲ್ಯಾಕ್‌ಲೋಟಸ್ ಕಥೆಯೂ ಕೊನೆಗೆ ಇಲ್ಲಿಗೇ ಬಂದು ನಿಂತಿದ್ದು. 2023ರ ಮೇ ತಿಂಗಳಲ್ಲಿ CVE-2023-24932 ಅಂತ ಮುಂದಿನ ತೇಪೆ ಬಂತು, ಆದರೆ ಹಳೇ ಬೂಟ್ ಮ್ಯಾನೇಜರ್ ರದ್ದು ಮಾಡುವ ಭಾಗವನ್ನು ಆಫ್ ಮಾಡಿಯೇ ಕಳಿಸಿದರು. ಆನ್ ಮಾಡಿದರೆ ಜನರ ಬಳಿ ಇರುವ ಹಳೇ ಇನ್‌ಸ್ಟಾಲ್ ಪೆನ್‌ಡ್ರೈವ್, ರಿಕವರಿ ಡಿಸ್ಕ್ ಯಾವುದೂ ಬೂಟ್ ಆಗುವುದಿಲ್ಲವಲ್ಲ. ನಮ್ಮ ಆಫೀಸಿನಲ್ಲಿ ಇದನ್ನು ಆನ್ ಮಾಡುವ ಮೊದಲು ಬೀರುವಿನಲ್ಲಿದ್ದ ಪೆನ್‌ಡ್ರೈವ್‌ಗಳನ್ನೆಲ್ಲ ಹುಡುಕಿ ಹೊಸದಾಗಿ ಬರೆಯಲು ಎರಡು ವಾರ ಹಿಡಿಯಿತು.

ಗಡಿನಾಡು

ಈಗ ಅರ್ಥ ಆಯಿತು. ಆದರೆ ನನ್ನ ಮೊದಲ ಪ್ರಶ್ನೆ ಹಾಗೇ ಇದೆ. ಬಿಟ್ ಸುಟ್ಟ ಮೇಲೆ ಹೊಸದು ಕೈಕೊಟ್ಟರೆ? 1.3ರ ವೈಫೈ ಥರ?

ಬೆಸುಗೆ

ಒಳ್ಳೇ ಪ್ರಶ್ನೆ, ಇಡೀ ಕೆಲಸದ ಕಷ್ಟ ಇರುವುದು ಅಲ್ಲೇ. ಬಿಟ್ ಯಾವಾಗ ಸುಡುತ್ತದೆ ಅನ್ನುವುದನ್ನು ನಿಧಾನವಾಗಿ ನೋಡೋಣ.

ಬಾಕ್ಸಿನಲ್ಲಿ ಮೊದಲ ಸ್ಲಾಟಿನಲ್ಲಿ 1.4 ಓಡುತ್ತಿದೆ ಅಂದುಕೊಳ್ಳಿ, ಅದರ ಭದ್ರತಾ ನಂಬರ್ 0. ಚಿಪ್ಪೂ 0. ಎರಡನೇ ಸ್ಲಾಟಿಗೆ 1.5 ಇಳಿಯಿತು, ಅದರ ನಂಬರ್ 1. `esp_ota_set_boot_partition()` ಕರೆದಾಗ ಒಮ್ಮೆ ನಂಬರ್ ನೋಡುತ್ತದೆ. ಕಡಿಮೆ ಇದ್ದಿದ್ದರೆ ಆ ಸ್ಲಾಟನ್ನು ಅಳಿಸಿ `ESP_ERR_OTA_SMALL_SEC_VER` ಅಂತ ವಾಪಸ್ ಕೊಡುತ್ತಿತ್ತು. ಇಲ್ಲಿ ಹೆಚ್ಚಿದೆ, ಸರಿ. ರೀಬೂಟ್. ಬೂಟ್‌ಲೋಡರ್ 1.5ನ್ನು ಎಬ್ಬಿಸುತ್ತದೆ, ಆದರೆ ಅದು ಇನ್ನೂ ಪರೀಕ್ಷೆಯಲ್ಲಿದೆ ಅಂತ ಗುರುತು ಹಾಕುತ್ತದೆ. ಈಗಲೂ ಬಿಟ್ ಸುಟ್ಟಿಲ್ಲ. 1.5 ವೈಫೈ ಹಿಡಿಯುತ್ತದೆ, ಸರ್ವರಿಗೆ ಹಲೋ ಅನ್ನುತ್ತದೆ, ರಿಲೇ ಸ್ಥಿತಿ ಓದುತ್ತದೆ. ಎಲ್ಲ ಸರಿ ಇದ್ದರೆ ಇದನ್ನು ಕರೆಯುತ್ತದೆ:

```
esp_ota_mark_app_valid_cancel_rollback();
```

ಬಿಟ್ ಸುಡುವುದು ಈ ಸಾಲಿನಲ್ಲಿ. ಇದಕ್ಕೆ ಮೊದಲು ಬೋರ್ಡ್ ರೀಸೆಟ್ ಆದರೆ ಬೂಟ್‌ಲೋಡರ್ 1.4ಕ್ಕೆ ವಾಪಸ್ ಹೋಗುತ್ತದೆ. ಇದಾದ ಮೇಲೆ ಇನ್ನೊಂದು ಸ್ಲಾಟಿನ 1.4 ಇದ್ದೂ ಇಲ್ಲದ ಹಾಗೆ.

ನಿಮ್ಮ ಊರಿನ ಕರೆಂಟ್ ನೆನಪಿಟ್ಟುಕೊಂಡು ಆ ಪರೀಕ್ಷೆ ಬರೆಯಿರಿ. ಸರ್ವರ್ ಸಿಗುವವರೆಗೆ ಹತ್ತು ನಿಮಿಷ ಕಾಯುವಂತೆ ಬರೆದರೆ, ಅಷ್ಟರಲ್ಲಿ ತ್ರೀ ಫೇಸ್ ಹೋಗುತ್ತದೆ. ಫರ್ಮ್‌ವೇರ್‌ನಲ್ಲಿ ಏನೂ ತಪ್ಪಿಲ್ಲದಿದ್ದರೂ ಬಾಕ್ಸ್ ಹಿಂದಕ್ಕೆ ಹೋಗುತ್ತದೆ. ಮತ್ತೆ ಇಳಿಸುತ್ತದೆ, ಮತ್ತೆ ಕರೆಂಟ್ ಹೋಗುತ್ತದೆ.

ಆದರೆ ಎರಡು ನಿಮಿಷದ ಪರೀಕ್ಷೆಯಲ್ಲಿ ನಿಮ್ಮ ವೈಫೈ ತೊಂದರೆ ಸಿಗುತ್ತಿತ್ತಾ? ಇಲ್ಲ. ಅದು ಬರುವುದು ಕರೆಂಟ್ ಹೋಗಿ ಬಂದ ಮೇಲೆ. ಅದಕ್ಕೆ ಇಎಸ್‌ಪಿಯವರ ಕೈಪಿಡಿ ಹೇಳುವ ದಾರಿಯೇ ಬೇರೆ, ನಾನೂ ಹಾಗೇ ಮಾಡುವುದು. ತೂತು ಮುಚ್ಚಿದ ಫರ್ಮ್‌ವೇರನ್ನು ಮೊದಲು *ಹಳೇ* ನಂಬರಿನಲ್ಲೇ ಕಳಿಸಿ. ಕೆಲವು ವಾರ ಓಡಲಿ. ತೊಂದರೆ ಬಂದರೆ ವಾಪಸ್ ಹೋಗುವ ದಾರಿ ಇದೆ. ಎಲ್ಲ ಸರಿ ಅನ್ನಿಸಿದ ಮೇಲೆ ಅದೇ ಕೋಡನ್ನು ನಂಬರ್ ಏರಿಸಿ ಇನ್ನೊಮ್ಮೆ ಕಳಿಸಿ.

ಶರಾವತಿ

ಆ ಕೆಲವು ವಾರ ತೂತು ತೆರೆದೇ ಇರುತ್ತಲ್ವಾ? ನೀವು ಹೊಸ ಫರ್ಮ್‌ವೇರ್ ಕಳಿಸಿದ ದಿನವೇ ಹಳೇದರಲ್ಲಿ ಏನು ತಪ್ಪಿತ್ತು ಅಂತ ಎರಡನ್ನೂ ಹೋಲಿಸಿ ನೋಡುವವರಿಗೆ ಗೊತ್ತಾಗುತ್ತೆ. ಅಷ್ಟು ದಿನ ಯಾರು ಬೇಕಾದರೂ ಹಳೇದನ್ನು ಹಾಕಬಹುದು. ನಾನಾಗಿದ್ದರೆ ಒಂದು ವಾರಕ್ಕಿಂತ ಹೆಚ್ಚು ಕಾಯುತ್ತಿರಲಿಲ್ಲ.

ಬೆಸುಗೆ

ಹಾಕಬೇಕೆಂದರೆ ಕೇಬಲ್ ಬೇಕು, ಇಲ್ಲ ಒಟಿಎ ಸರ್ವರ್ ಕೈಗೆ ಸಿಗಬೇಕು. 400 ಬಾಕ್ಸ್ ಕಲ್ಲಾಗುವುದಕ್ಕಿಂತ ಅದು ವಾಸಿ ಅನ್ನುವುದು ನನ್ನ ಲೆಕ್ಕ. ನಿಮ್ಮ ಆಫೀಸಿನ ಲೆಕ್ಕ ಬೇರೆ ಇರಬಹುದು, ಒಪ್ಪುತ್ತೇನೆ.

ಕೋಡ್‌ಕಾಫಿ

ನಾನೂ ಒಂದು ಬೋರ್ಡ್ ಮೇಲೆ ಟ್ರೈ ಮಾಡಿದೆ. ನನ್ನ ರಿಲೀಸ್ ನಂಬರ್ 14 ಅಲ್ವಾ, ಅದಕ್ಕೇ `SECURE_VERSION=14` ಹಾಕಿ ಕೇಬಲಿನಿಂದ ಬರೆದೆ. ಮೊದಲ ಬೂಟಿನಲ್ಲೇ ಇ-ಫ್ಯೂಸ್ 14 ತೋರಿಸ್ತಿದೆ. ಆ ಸಾಲು ಕರೆಯುವ ಮೊದಲೇ! ನೀವು ಹೇಳಿದ ಹಾಗೆ ಆಗಲಿಲ್ಲವಲ್ಲ?

ಬೆಸುಗೆ

ನಾನು ಹೇಳದೆ ಬಿಟ್ಟ ಒಂದು ದಾರಿ ಅದು, ಕ್ಷಮಿಸಿ. ಒಟಿಎ ದಾಖಲೆಯೇ ಇಲ್ಲದ ಹೊಸ ಬೋರ್ಡಿಗೆ ಕೇಬಲಿನಿಂದ ಬರೆದರೆ, ಬೂಟ್‌ಲೋಡರ್ ಪರೀಕ್ಷೆಗೆ ಕಾಯದೆ ತಕ್ಷಣ ಬಿಟ್ ಸುಡುತ್ತದೆ. ಫ್ಯಾಕ್ಟರಿಯಿಂದ ಹೊರಡುವಾಗಲೇ ಸರಿಯಾದ ನಂಬರ್ ಇರಲಿ ಅಂತ.

ಈಗ ನಿಮ್ಮ ಬೋರ್ಡಿನಲ್ಲಿ 14 ಬಿಟ್ ಹೋದವು. ಇರುವುದು ಒಟ್ಟು 32. ಹೊಸ ಚಿಪ್ಪುಗಳಾದ ಸಿ3, ಎಸ್3ರಲ್ಲಿ 16 ಮಾತ್ರ. ರಿಲೀಸ್ ನಂಬರಿಗೂ ಇದಕ್ಕೂ ಸಂಬಂಧ ಇಲ್ಲ. ಬಟನ್ ಬಣ್ಣ ಬದಲಾಯಿಸಿದ್ದಕ್ಕೆಲ್ಲ ಏರಿಸಬಾರದು. ಹಳೇದಕ್ಕೆ ಯಾರೂ ಹೋಗಲೇಬಾರದು ಅನ್ನುವಂಥ ತೂತು ಮುಚ್ಚಿದಾಗ ಮಾತ್ರ ಒಂದು. ಆಡಿ ನೋಡುವುದಕ್ಕೆ `CONFIG_BOOTLOADER_EFUSE_SECURE_VERSION_EMULATE` ಇದೆ, ಪಾರ್ಟಿಶನ್ ಟೇಬಲಿನಲ್ಲಿ `emul_efuse` ಅಂತ ಒಂದು ಜಾಗ ಕೊಟ್ಟರೆ ಫ್ಲ್ಯಾಷ್‌ನಲ್ಲೇ ಸುಟ್ಟ ಹಾಗೆ ನಟಿಸುತ್ತದೆ. ಮೊದಲು ಅದರಲ್ಲಿ ಕಲಿಯಿರಿ.

ಮಣ್ಣಿನಮಗ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಅಡಿಕೆ ಬೆಳೆಯುವವನು. ನಮ್ಮ ತೋಟದಲ್ಲೂ ಇಂಥದ್ದೇ ಒಂದು ಬಾಕ್ಸ್ ಇದೆ, ನಿಮ್ಮದಲ್ಲ, ಬೇರೆ ಕಂಪನಿಯದು. ಏಪ್ರಿಲ್‌ನಲ್ಲಿ ಅಪ್‌ಡೇಟ್ ಆಯಿತು. ಅಲ್ಲಿಂದ ವೋಲ್ಟೇಜ್ ಸ್ವಲ್ಪ ಕಡಿಮೆ ಆದರೂ ಮೋಟರ್ ಆಫ್. ಮೊದಲು ಆ ಮಿತಿಯನ್ನು ನಾನೇ ಇಳಿಸಬಹುದಿತ್ತು, ಹೊಸದರಲ್ಲಿ ಅದನ್ನು ತೆಗೆದಿದ್ದಾರೆ. ಹಳೇದು ಹಾಕಿ ಅಂದರೆ ಆಗಲ್ಲ, ಲಾಕ್ ಆಗಿದೆ ಅಂತಾರೆ. ಬಿಸಿಲಲ್ಲಿ ಗಿಡ ಒಣಗುತ್ತಿತ್ತು. ದುಡ್ಡು ಕೊಟ್ಟವನು ನಾನು, ಬಾಕ್ಸ್ ನನ್ನದು. ಯಾವುದು ಹಾಕಬೇಕು ಅಂತ ಕಂಪನಿ ಯಾಕೆ ತೀರ್ಮಾನ ಮಾಡಬೇಕು? ನಿಮ್ಮ ಸರ್ವಿಸ್ ಹುಡುಗ ರೈತನ ಕಷ್ಟ ನೋಡಿ ಹಳೇದು ಹಾಕಿದ. ನನಗೆ ಅವನೇ ಸರಿ ಅನ್ನಿಸುತ್ತೆ.

ಪಂಪ್‌ಮನೆ

ಅಣ್ಣ, ನಿಮ್ಮ ಸಿಟ್ಟು ನ್ಯಾಯವೇ. ಆದರೆ ನಮ್ಮ 1.2ರಲ್ಲಿ ರಸ್ತೆಯಲ್ಲಿ ನಿಂತವನು ನಿಮ್ಮ ಮೋಟರ್ ಓಡಿಸಬಹುದಿತ್ತು. ನೀರಿಲ್ಲದ ಬೋರ್‌ನಲ್ಲಿ ಒಂದು ರಾತ್ರಿ ಓಡಿದರೆ ಮೋಟರೇ ಹೋಗುತ್ತದೆ.

ಮಣ್ಣಿನಮಗ

ಅದು ಸರಿ ತಮ್ಮ. ತೂತು ಮುಚ್ಚುವುದಕ್ಕೆ ಬೀಗ ಹಾಕಿ, ಬೇಡ ಅನ್ನಲ್ಲ. ಆ ಬೀಗದ ಹಿಂದೆ ನನ್ನ ಸೆಟ್ಟಿಂಗನ್ನೂ ಸೇರಿಸಿ ಕೂಡಿಹಾಕಬೇಡಿ ಅಂದೆ.

ಹುಬ್ಬಳ್ಳಿ ಮೊಬೈಲ್

ಅಣ್ಣಾರು ಹೇಳಿದ್ದು ನಮ್ಮ ಅಂಗಡಿಗೂ ಸರಿ. ಕೆಲವು ಕಂಪನಿ ತೂತು ಇಲ್ಲದಿದ್ದರೂ ನಂಬರ್ ಏರಿಸ್ತಾರೆ ಅಂತ ನನಗೆ ಅನುಮಾನ. ಯಾಕೆ ಏರಿಸಿದರು ಅಂತ ಎಲ್ಲೂ ಬರೆಯಲ್ಲ.

ಬೆಸುಗೆ

ಚಿಪ್ಪಿಗೆ ಕಾರಣ ಗೊತ್ತಾಗುವುದಿಲ್ಲ, ನಂಬರ್ ಮಾತ್ರ ಗೊತ್ತು. ಹಾಗಾಗಿ ಇದನ್ನು ಕೋಡಿನಲ್ಲಿ ಬಗೆಹರಿಸಲು ಆಗುವುದಿಲ್ಲ. ನಾನು ಕೆಲಸ ಮಾಡುವ ಕಡೆ ಒಂದು ನಿಯಮ ಮಾಡಿಕೊಂಡಿದ್ದೇವೆ. ಭದ್ರತಾ ನಂಬರ್ ಏರಿಸುವ ರಿಲೀಸಿನಲ್ಲಿ ಬೇರೆ ಯಾವ ಬದಲಾವಣೆಯೂ ಇರಬಾರದು, ಯಾವ ತೂತಿಗಾಗಿ ಅಂತ ಗಿರಾಕಿಗೆ ಬರೆದು ಹೇಳಬೇಕು. ಎಲ್ಲರೂ ಹಾಗೆ ಮಾಡುತ್ತಾರೆ ಅಂತ ಹೇಳಲಾರೆ.

ಪಂಪ್‌ಮನೆ ಅವರೇ, ನಿಮಗೆ ಇನ್ನೊಂದು ಕೆಟ್ಟ ಸುದ್ದಿ ಬಾಕಿ ಇದೆ. ತೋಟದಲ್ಲಿರುವ 400 ಬಾಕ್ಸ್‌ಗಳಲ್ಲಿ ಈಗ ಇರುವುದು ಹಳೇ ಬೂಟ್‌ಲೋಡರ್. ನಿಮ್ಮ ಒಟಿಎ ಬದಲಾಯಿಸುವುದು ಆ್ಯಪನ್ನು ಮಾತ್ರ. ಬೂಟ್‌ಲೋಡರನ್ನು ಆ್ಯಪ್ ಒಳಗಿಂದಲೇ ಬರೆಯುವವರು ಇದ್ದಾರೆ, ನಾನು ಬೇಡ ಅನ್ನುತ್ತೇನೆ. ಬರೆಯುವಾಗ ಕರೆಂಟ್ ಹೋದರೆ ಬಾಕ್ಸ್ ಎದ್ದೇಳುವುದಿಲ್ಲ. ಇನ್ನು ಪಾರ್ಟಿಶನ್ ಟೇಬಲಿನಲ್ಲಿ `factory` ಅಂತ ಇದ್ದರೆ ಅದನ್ನೂ ತೆಗೆಯಬೇಕು. ಈ ತಡೆ ಕೆಲಸ ಮಾಡುವುದು ಒಟಿಎ ಸ್ಲಾಟುಗಳು ಮಾತ್ರ ಇರುವ ಟೇಬಲಿನಲ್ಲಿ. ಅಂದರೆ ಪ್ರತಿ ಬಾಕ್ಸಿಗೂ ಕೇಬಲ್ ಹಿಡಿದು ಹೋಗಬೇಕು.

ಪಂಪ್‌ಮನೆ

ನಮ್ಮದರಲ್ಲಿ factory ಇದೆ. ಹೋಗಲಿ, ಹುಡುಗ ಹೇಗೂ ಮೂರು ತಿಂಗಳಿಗೊಮ್ಮೆ ಸರ್ವಿಸಿಗೆ ಸುತ್ತುತ್ತಾನೆ. ಒಂದೊಂದೇ ಮಾಡಿಕೊಂಡು ಬರಲಿ.

ಬೆಸುಗೆ

ಹೊರಡುವ ಮೊದಲು ಚಿಪ್ಪಿನ ರಿವಿಷನ್ ನೋಡಿಸಿ. ಸೆಕ್ಯೂರ್ ಬೂಟ್ ವಿ2 ಇಎಸ್‌ಪಿ32ರಲ್ಲಿ ರಿವಿಷನ್ 3.0ರಿಂದ ಮಾತ್ರ ಸಿಗುತ್ತದೆ. ಸಹಿ ನೋಡುವ ಬೂಟ್‌ಲೋಡರ್ ಗಾತ್ರ ದೊಡ್ಡದಾದರೆ ಪಾರ್ಟಿಶನ್ ಟೇಬಲನ್ನು 0x8000ದಿಂದ ಮುಂದಕ್ಕೆ ತಳ್ಳಬೇಕಾಗಬಹುದು. ಆಗ ರೈತರ ವೈಫೈ ಪಾಸ್‌ವರ್ಡ್, ಟೈಮರ್ ಎಲ್ಲ ಹೋಗುತ್ತದೆ. ಮೊದಲೇ ಬರೆದುಕೊಳ್ಳಲು ಹೇಳಿ.

ಪಂಪ್‌ಮನೆ

ಸ್ಟೋರಿನಲ್ಲಿದ್ದ ಬೋರ್ಡ್‌ಗಳನ್ನು ಇವತ್ತು ನೋಡಿದೆ. ಹೊಸ ಲಾಟ್‌ನಲ್ಲಿ ಹೀಗೆ ಬರುತ್ತದೆ:

```
Chip is ESP32-D0WD-V3 (revision v3.0)
```

ಮೊದಲ ವರ್ಷ ಮಾಡಿದ್ದರಲ್ಲಿ ಹೀಗೆ:

```
Chip is ESP32-D0WDQ6 (revision v1.0)
```

ಬಿಲ್ ಪುಸ್ತಕ ನೋಡಿದರೆ ಎರಡನೇ ಥರದ್ದು ಸುಮಾರು 60 ಮಾರಿದ್ದೇವೆ. ಅವುಗಳಿಗೆ ಏನು ಮಾಡಲಿ?

ಬೆಸುಗೆ

ಅದಕ್ಕೆ ಸೆಕ್ಯೂರ್ ಬೂಟ್‌ನ ಮೊದಲ ವರ್ಷನ್ ಹಾಕಬಹುದು. ಆದರೆ ಆ ಹಳೇ ಚಿಪ್ಪುಗಳ ಸೆಕ್ಯೂರ್ ಬೂಟನ್ನು 2019ರಲ್ಲೇ ವೋಲ್ಟೇಜ್ ಏರುಪೇರು ಮಾಡಿ ದಾಟಿ ತೋರಿಸಿದ್ದಾರೆ, CVE-2019-15894. ಸರ್ವಿಸ್ ಹುಡುಗನ ಕೇಬಲ್ ತಡೆಯಲು ಅಷ್ಟು ಸಾಕು, ಹಟ ಹಿಡಿದು ಬಂದವನಿಗೆ ಸಾಲದು. ನಾನಾಗಿದ್ದರೆ ಆ 60ರ ಬೋರ್ಡ್ ಬದಲಾಯಿಸುವ ಖರ್ಚು ಮೊದಲು ಲೆಕ್ಕ ಹಾಕುತ್ತಿದ್ದೆ.

ಶರಾವತಿ

ಅದಕ್ಕಿಂತ ಮೊದಲು ಹುಡುಗನ ಲ್ಯಾಪ್‌ಟಾಪಿನಿಂದ ಆ ಫುಲ್ ಇಮೇಜ್ ಅಳಿಸಿ. ಮತ್ತೆ 1.2 ಇರುವ ಆ 11 ಬಾಕ್ಸ್ ಈಗ ಏನಾಗಿವೆ?

ಪಂಪ್‌ಮನೆ

ಒಂಬತ್ತಕ್ಕೆ ವೈಫೈ ಸರಿ ಮಾಡಿದ 1.4 ಹೋಗಿದೆ. ಎರಡು ಆಫ್‌ಲೈನ್. ನಾಳೆ ಬೆಳಗ್ಗೆ ಬೈಕ್ ತೆಗೆದುಕೊಂಡು ನಾನೇ ಹೋಗುತ್ತಿದ್ದೇನೆ, ಹಿರಿಯೂರಿನ ಹತ್ತಿರ ಒಂದು, ಶಿರಾ ಹತ್ತಿರ ಒಂದು.